ಫ್ರೆಂಚ್ ಕ್ಲಾಸಿನಲ್ಲಿ ಕೇಳಿದ ಸೂತ್ರ ನೋಟ್ಸಿಗೆ ಸರಿಯಾಗಿ ಇಳಿಯಬೇಕಾದರೆ: ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸಮಗ್ರ ಮಾರ್ಗದರ್ಶಿ

ಫ್ರಾನ್ಸಿಗೆ ಹೋಗಿ ಆಗಿನ್ನೂ ಎರಡನೇ ವಾರ. ಪಾಠ ನನಗೆ ಹೊಸದಲ್ಲ. ಎರಡು ತುದಿಗೆ ಆಧಾರ ಕೊಟ್ಟ ಬೀಮ್, ಅದರ ಮೇಲೆ ಉದ್ದಕ್ಕೂ ಸಮನಾಗಿ ಹರಡಿದ ಭಾರ, ನಡುವೆ ಅದು ಎಷ್ಟು ಬಗ್ಗುತ್ತದೆ ಅನ್ನುವ ಲೆಕ್ಕ. ಊರಲ್ಲಿ ಬಿ.ಇ. ಓದುವಾಗ ಹತ್ತಾರು ಸಲ ಬಿಡಿಸಿದ್ದೆ. ಪ್ರೊಫೆಸರ್ ಬೋರ್ಡು ಬಿಟ್ಟು ನಮ್ಮ ಕಡೆ ತಿರುಗಿ, ಕೊನೆಯ ಉತ್ತರವನ್ನು ಬಾಯಲ್ಲೇ ಹೇಳಿದರು: "ಸ್ಯಾಂಕ್ ಪೇ ಎಲ್ ಕಾತ್ರ್ ಸ್ಯುರ್ ತ್ರುವಾ ಸಾಂ ಕಾತ್ರ್ ವ್ಯಾಂ ಕಾತ್ರ್ ಅ ಈ." ನಾನು ಬರೆದುಕೊಂಡಿದ್ದು ಹೀಗಿತ್ತು:

```
f = 5 p L 4 / 300 4 20 4 E
```

ಅವರು ಹೇಳಿದ್ದು ಇದು:

```
f = 5pL⁴ / (384 EI)
```

ಒಂದೇ ಸಾಲಿನಲ್ಲಿ ಮೂರು ತಪ್ಪು. 384 ಅನ್ನುವ ಸಂಖ್ಯೆ ನಾಲ್ಕು ತುಂಡಾಗಿತ್ತು. ನಾಲ್ಕನೇ ಘಾತ ಹೋಗಿ ಬರೀ ನಾಲ್ಕು ಉಳಿದಿತ್ತು. `EI`ಯಲ್ಲಿ ಒಂದು ಅಕ್ಷರವೇ ಮಾಯವಾಗಿತ್ತು. ಹೊರಡುವ ಮೊದಲು ನಾನು ಆರುನೂರು ತಾಂತ್ರಿಕ ಪದ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಒಂದೂ ಈ ಸಾಲಿನಲ್ಲಿ ಇರಲಿಲ್ಲ. ಇದ್ದದ್ದು ಬರೀ ಅಕ್ಷರ, ಅಂಕಿ ಮತ್ತು "ಸ್ಯುರ್" ಅನ್ನುವ ಒಂದು ಪುಟ್ಟ ಪದ.

ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ಬೇರೆ. ಮೊದಲು ಅಕ್ಷರ, ಆಮೇಲೆ ಅಂಕಿ, ಆಮೇಲೆ ಸೂತ್ರ ಓದುವ ರೀತಿ, ಆಮೇಲೆ ವಾಕ್ಯ ಜೋಡಿಸುವ ಪದಗಳು. ತಾಂತ್ರಿಕ ಪದಗಳು ಕೊನೆಗೆ. ಉದ್ದಕ್ಕೂ ಇದೇ ಬೀಮ್ ಪಾಠವನ್ನು ಹಿಡಿದುಕೊಂಡು ಹೋಗೋಣ. ಫ್ರೆಂಚಿನಲ್ಲಿ ಈ ವಿಷಯಕ್ಕೆ ರೆಜ಼ಿಸ್ತಾಂಸ್ ದೆ ಮಾತೆರಿಯೋ ಎನ್ನುತ್ತಾರೆ. ಎಲ್ಲರೂ ಕರೆಯುವುದು ಮಾತ್ರ "ಎರ್ ದೇ ಎಮ್" ಅಂತ. ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸೇ ಅದು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆದ ಫ್ರೆಂಚ್ ದಾರಿ ತೋರಿಸುತ್ತದೆ, ಅಷ್ಟೇ. ಝ ಎಂದು ಬರೆದಲ್ಲಿ ಇಂಗ್ಲಿಷಿನ ಮೆಷರ್ ಪದದ ನಡುವಿನ ಸದ್ದನ್ನು ನೆನೆಯಿರಿ. ಆಂ, ಓಂ, ಯಾಂ ಎಂದಲ್ಲಿ ಸ್ವರ ಮೂಗಿನಿಂದ ಬರಬೇಕು, ಕೊನೆಗೆ ತುಟಿ ಮುಚ್ಚಬಾರದು. ಯು ಎಂದು ಬರೆದ ಕಡೆ ನಾಲಿಗೆಯನ್ನು "ಈ" ಹೇಳುವ ಜಾಗದಲ್ಲೇ ಇಟ್ಟು ತುಟಿಯನ್ನು "ಊ"ಗೆ ದುಂಡಗೆ ಮಾಡಿ. ಈ ಸದ್ದು ಕನ್ನಡದಲ್ಲಿಲ್ಲ. ಇದು ಎಷ್ಟು ಕಾಟ ಕೊಡುತ್ತದೆ ಎಂದು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಅಕ್ಷರಗಳು

ನಮ್ಮ ಕಿವಿಯಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರು ಗಟ್ಟಿಯಾಗಿ ಕೂತಿವೆ. ತೊಂದರೆ ಶುರುವಾಗುವುದೇ ಅಲ್ಲಿ. ಫ್ರೆಂಚಿನಲ್ಲಿ `I` ಅಕ್ಷರದ ಹೆಸರು "ಈ". ನಾವು "ಈ" ಎಂದು ಕೇಳಿದ ಕೂಡಲೇ ಕೈ `E` ಬರೆಯುತ್ತದೆ. ಹಾಗಾದರೆ `E` ಅಕ್ಷರವನ್ನು ಏನೆನ್ನುತ್ತಾರೆ? ತುಟಿ ದುಂಡಗೆ ಮಾಡಿ ಹೇಳುವ ಒಂದು ಗಿಡ್ಡ "ಅ". ಮಾತಿನ ನಡುವೆ ಯೋಚಿಸುವಾಗ ಫ್ರೆಂಚರು ಎಳೆಯುವ "ಅ..." ಕೂಡ ಹೆಚ್ಚುಕಡಿಮೆ ಅದೇ ಸದ್ದು. ಪ್ರೊಫೆಸರ್ "ಅ ಈ" ಎಂದಾಗ, ಅವರು ಒಂದು ಕ್ಷಣ ತಡವರಿಸಿ `E` ಹೇಳಿದರು ಅಂದುಕೊಂಡೆ. ನಿಜಕ್ಕೂ ಅವರು `E` ಮತ್ತು `I` ಎರಡನ್ನೂ ಸ್ಪಷ್ಟವಾಗಿ ಹೇಳಿದ್ದರು.

ಇನ್ನೊಂದು ಜೋಡಿ `G` ಮತ್ತು `J`. ಫ್ರೆಂಚಿನಲ್ಲಿ `G` ಎಂದರೆ "ಝೇ", `J` ಎಂದರೆ "ಝೀ". ನಮ್ಮ ಕಿವಿಗೆ ಪೂರ್ತಿ ತಿರುವುಮುರುವು. ಶಾಫ್ಟಿನ ತಿರುಚುವಿಕೆಯ ಪಾಠದಲ್ಲಿ `GJ` ಎಂಬ ಗುಣಲಬ್ಧ ಮತ್ತೆ ಮತ್ತೆ ಬರುತ್ತದೆ, ಅಲ್ವಾ? ಅದನ್ನು "ಝೇ ಝೀ" ಎನ್ನುತ್ತಾರೆ. ಕೈ ತಾನಾಗಿ `JG` ಎಂದು ಬರೆಯುತ್ತದೆ. ಗುಣಾಕಾರವಾದ್ದರಿಂದ ಅಲ್ಲಿ ಉತ್ತರ ಕೆಡುವುದಿಲ್ಲ, ಆದರೆ ಒಂದೊಂದೇ ಬಂದಾಗ ಖಂಡಿತ ಕೆಡುತ್ತದೆ.

ಉಳಿದವು ಅಷ್ಟು ಕಷ್ಟವಲ್ಲ. `H` ಆಶ್, `Q` ಕ್ಯು, `W` ದೂಬ್ಲ್ ವೇ, `X` ಇಕ್ಸ್, `Y` ಇ ಗ್ರೆಕ್. ಗ್ರೀಕ್ ಅಕ್ಷರಗಳಲ್ಲಿ ನಾವು ಪೈ, ಫೈ, ಸೈ ಎನ್ನುವುದನ್ನು ಅವರು ಪಿ, ಫಿ, ಪ್ಸಿ ಎನ್ನುತ್ತಾರೆ. "ಪೇ" ಎಂದರೆ `p`, "ಪೀ" ಎಂದರೆ `π`. ಇವೆರಡನ್ನು ಬೇರೆಬೇರೆಯಾಗಿ ಕೇಳುವ ಅಭ್ಯಾಸ ಬೇಕು.

ಅಭ್ಯಾಸ ಹೀಗೆ ಮಾಡಿ. ನಿಮ್ಮ ಹಳೇ ನೋಟ್ಸಿನಿಂದ ಹತ್ತು ಸೂತ್ರ ಆರಿಸಿ. ಫೋನಿನಲ್ಲಿ ಫ್ರೆಂಚ್ ಧ್ವನಿಯ ಓದುವ ಸೌಲಭ್ಯ ಹಾಕಿ, ಬರೀ ಅಕ್ಷರಗಳನ್ನು ಗ್ಯಾಪ್ ಕೊಟ್ಟು ಟೈಪ್ ಮಾಡಿ, ಕೇಳಿ ಬರೆಯಿರಿ. ದಿನಕ್ಕೆ ಹದಿನೈದು ನಿಮಿಷ, ಎರಡು ವಾರ. ಓದಿ ಕಲಿಯುವುದು ಬೇಡ, ಕೇಳಿ ಬರೆಯಬೇಕು. "ಈ" ಎಂದು ಕೇಳಿದಾಗ ಕೈ ಯೋಚಿಸದೆ `I` ಬರೆದರೆ ಈ ಹೆಜ್ಜೆ ಮುಗಿಯಿತು.

ಹೆಜ್ಜೆ 2: ಅಂಕಿಗಳು

ಅರವತ್ತೊಂಬತ್ತರವರೆಗೆ ಎಲ್ಲವೂ ಸರಾಗ. ಆಮೇಲೆ ಲೆಕ್ಕ ಶುರು. ಎಪ್ಪತ್ತು ಎಂದರೆ ಸ್ವಾಸಾಂತ್ ದಿಸ್, ಅಂದರೆ ಅರವತ್ತು ಹತ್ತು. ಎಂಬತ್ತು ಎಂದರೆ ಕಾತ್ರ್ ವ್ಯಾಂ, ಅಂದರೆ ನಾಲ್ಕು ಇಪ್ಪತ್ತು. ತೊಂಬತ್ತು ಎಂದರೆ ಕಾತ್ರ್ ವ್ಯಾಂ ದಿಸ್, ನಾಲ್ಕು ಇಪ್ಪತ್ತು ಹತ್ತು. ಹಾಗಾಗಿ 384 ಎಂದರೆ ಮುನ್ನೂರು, ನಾಲ್ಕು ಇಪ್ಪತ್ತು, ನಾಲ್ಕು. ಇದು ಎಲ್ಲ ಪುಸ್ತಕದಲ್ಲೂ ಇದೆ, ನನಗೂ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದ್ದು ಯಾಕೆಂದರೆ ಕೇಳಿದ ಕೂಡಲೇ ಬರೆಯುವ ಚಟ. "ಕಾತ್ರ್" ಕೇಳಿತು, 4 ಬರೆದೆ. ಅಷ್ಟರಲ್ಲಿ "ವ್ಯಾಂ" ಬಂತು.

ಮದ್ದು ಸುಲಭ. ಎರಡು ಪದ ಮಾತ್ರ ನೆನಪಿಡಿ: ಕಾತ್ರ್ ಮತ್ತು ಸ್ವಾಸಾಂತ್. ಇವೆರಡು ಕಿವಿಗೆ ಬಿದ್ದರೆ ಪೆನ್ನು ಎತ್ತಿ. ಮುಂದಿನ ಪದ ಕೇಳಿದ ಮೇಲೆ ಬರೆಯಿರಿ. ಬೇರೆ ಸಂಖ್ಯೆಗಳಿಗೆ ಸಾಮಾನ್ಯವಾಗಿ ಇಷ್ಟು ಕಾಯಬೇಕಾಗಿಲ್ಲ.

ಬಿಂದುವಿನ ಜಾಗದಲ್ಲಿ ಫ್ರೆಂಚರು ಅಲ್ಪವಿರಾಮ ಹಾಕುತ್ತಾರೆ. ಅದನ್ನು ವಿರ್ಗ್ಯುಲ್ ಎನ್ನುತ್ತಾರೆ. ಅದರ ನಂತರದ ಅಂಕಿಗಳನ್ನು ನಾವು ಒಂದೊಂದಾಗಿ ಹೇಳುತ್ತೇವೆ, ಎರಡು ಪಾಯಿಂಟ್ ಏಳು ಐದು ಎಂದು. ಅವರು ಒಟ್ಟಾಗಿ ಹೇಳುತ್ತಾರೆ: ದ ವಿರ್ಗ್ಯುಲ್ ಸ್ವಾಸಾಂತ್ ಕ್ಯಾಂಜ಼್, ಅಂದರೆ ಎರಡು ವಿರಾಮ ಎಪ್ಪತ್ತೈದು. ಬರವಣಿಗೆಯಲ್ಲಿ `2,75`. ಸಾವಿರಗಳ ನಡುವೆ ಅಲ್ಪವಿರಾಮ ಇರುವುದಿಲ್ಲ, ಖಾಲಿ ಜಾಗ ಬಿಡುತ್ತಾರೆ: `210 000 MPa`. ಇನ್ನು ಬಿಲ್ಯೋಂ ಎಂದು ಕೇಳಿದರೆ ಎಚ್ಚರ. ಅದು `10¹²`. ನಮ್ಮ ಬಿಲಿಯನ್‌ಗೆ, ಅಂದರೆ `10⁹`ಗೆ, ಅವರು ಮಿಲ್ಯಾರ್ ಎನ್ನುತ್ತಾರೆ.

ನೀವು ಹೋಗುವುದು ಬೆಲ್ಜಿಯಂ ಅಥವಾ ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಗಕ್ಕಾದರೆ ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೊನಾಂತ್ ಎಂದು ಕೇಳುತ್ತೀರಿ. ಲೊಸಾನ್ ಇರುವ ವೋ ಪ್ರಾಂತ್ಯದಲ್ಲಿ ಎಂಬತ್ತಕ್ಕೆ ವೀತಾಂತ್ ಎನ್ನುವುದೂ ಉಂಟು. ಕೇಳಲು ಅದು ಎಷ್ಟೋ ಸುಲಭ.

ಹೆಜ್ಜೆ 3: ಸೂತ್ರ ಓದುವ ರೀತಿ

"ಸ್ಯುರ್" ಎಂದರೆ ಮೇಲೆ. `a/b` ಎನ್ನುವುದು "ಆ ಸ್ಯುರ್ ಬೇ", `b` ಮೇಲೆ `a`. ಘಾತಕ್ಕೆ ಪ್ವಿಸಾಂಸ್ ಎಂಬ ಪದವಿದೆ. ಆದರೆ ಮಾತಿನ ಭರದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. "ಎಲ್ ದ" ಎಂದರೆ `L²`, "ಎಲ್ ಕಾತ್ರ್" ಎಂದರೆ `L⁴`. ಅಕ್ಷರ ಹೇಳಿದ ಮೇಲೆ ಅಂಕಿ ಬಂದರೆ ಅದು ಗುಣಕವಲ್ಲ. ಗುಣಕ ಯಾವಾಗಲೂ ಅಕ್ಷರಕ್ಕಿಂತ ಮೊದಲು ಬರುತ್ತದೆ. ಅಂಕಿ ಆಮೇಲೆ ಬಂದರೆ ಘಾತ, ಇಲ್ಲವೇ ಕೆಳಗೆ ಬರೆಯುವ ಸೂಚಿ. ಯಾವುದು ಎಂದು ಬೋರ್ಡು ನೋಡಿಯೇ ತಿಳಿಯಬೇಕು.

ಡೆರಿವೇಟಿವ್ ವಿಷಯದಲ್ಲಿ ಮೂರು ರೂಪ ಬರುತ್ತವೆ. `y'` ಎಂದರೆ ಇ ಗ್ರೆಕ್ ಪ್ರೀಮ್. `y''` ಎಂದರೆ ಇ ಗ್ರೆಕ್ ಸಗೋಂದ್. ಬರೆಯುವಾಗ ಅಲ್ಲಿ ಇರುವುದು `c`, ಆದರೆ ಹೇಳುವಾಗ ಗ. ಸಮಯಕ್ಕೆ ಸಂಬಂಧಿಸಿದ ಡೆರಿವೇಟಿವ್‌ಗೆ, ಮೇಲೆ ಚುಕ್ಕೆ ಇಡುವ `ẋ`ಗೆ, ಇಕ್ಸ್ ಪ್ವ್ಯಾಂ ಎನ್ನುತ್ತಾರೆ. "ಪಾಯಿಂಟ್" ಎಂದು ಕೇಳಿಸಿತು ಅಂತ ದಶಮಾಂಶ ಹಾಕಬೇಡಿ. ಪಾರ್ಶಿಯಲ್ ಡೆರಿವೇಟಿವಿನ `∂` ಗುರುತಿಗೆ ದೇ ರೋಂ, ಅಂದರೆ ದುಂಡು `d`.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು "ಲ ತು" ಎಂಬ ಎರಡು ಪದ. ಅರ್ಥ "ಅದೆಲ್ಲವೂ". `a + b/c` ಮತ್ತು `(a + b)/c` ಎರಡನ್ನೂ ಬಾಯಲ್ಲಿ ಹೇಳಿದರೆ ಒಂದೇ ಥರ ಕೇಳುತ್ತದೆ, ಅಲ್ವಾ? ಎರಡನೆಯದಕ್ಕೆ ಫ್ರೆಂಚ್ ಮೇಷ್ಟ್ರು "ಆ ಪ್ಲ್ಯುಸ್ ಬೇ, ಲ ತು ಸ್ಯುರ್ ಸೇ" ಎನ್ನುತ್ತಾರೆ. "ಲ ತು" ಕೇಳಿದ ತಕ್ಷಣ ಬರೆದಿದ್ದಕ್ಕೆಲ್ಲ ಬ್ರಾಕೆಟ್ ಹಾಕಿ. ಹಾಗೇ "ಫಾಕ್ತರ್ ದ" ಕೇಳಿದರೆ ಬ್ರಾಕೆಟ್ ತೆರೆಯಿರಿ: "ಕಾ ಫಾಕ್ತರ್ ದ ಆ ಪ್ಲ್ಯುಸ್ ಬೇ" ಎಂದರೆ `k(a + b)`.

ಬೋರ್ಡಿನ ಮೇಲಿನ ಕೆಲವು ಗುರುತುಗಳೂ ಬೇರೆ. ವೆಕ್ಟರ್ ಗುಣಾಕಾರಕ್ಕೆ ನಾವು `u × v` ಬರೆದರೆ ಅವರು `u ∧ v` ಬರೆಯುತ್ತಾರೆ. ಎರಡು ತುದಿ ಸೇರದ ಅಂತರವನ್ನು `]a, b[` ಎಂದು ಬ್ರಾಕೆಟ್ ತಿರುಗಿಸಿ ಬರೆಯುತ್ತಾರೆ. ಕರ್ಲ್‌ಗೆ `rot`. ಇವು ಕಣ್ಣಿಗೆ ಕಾಣುವ ವಿಷಯ, ಒಂದು ವಾರದಲ್ಲಿ ರೂಢಿಯಾಗುತ್ತವೆ.

ಹೆಜ್ಜೆ 4: ವಾಕ್ಯ ಜೋಡಿಸುವ ಪುಟ್ಟ ಪದಗಳು

ಮೇಷ್ಟ್ರು ಹೇಳುತ್ತಿರುವುದು ಊಹೆಯೋ, ಫಲಿತಾಂಶವೋ, ಬರೀ ನೆನಪಿಸುವಿಕೆಯೋ ಎಂದು ತಿಳಿಸುವುದು ಈ ಪದಗಳೇ. ನಿಘಂಟಿನಲ್ಲಿ ಇವುಗಳ ಅರ್ಥ ಸಿಕ್ಕರೂ ಕ್ಲಾಸಿನ ಅರ್ಥ ಸಿಗುವುದಿಲ್ಲ.

"ಸ್ವಾ" ಎಂದು ವಾಕ್ಯ ಶುರುವಾದರೆ "ಇಂಥದ್ದೊಂದು ಇದೆ ಅಂದುಕೊಳ್ಳಿ" ಎಂದರ್ಥ. ಲೆಕ್ಕ ಶುರುವಾಯಿತು, ಹೊಸ ಸಾಲಿಗೆ ಹೋಗಿ. "ಓಂ ಪೋಜ಼್" ಎಂದರೆ ಒಂದು ಹೊಸ ಗುರುತಿಗೆ ಹೆಸರಿಡುತ್ತಿದ್ದಾರೆ, ಅದನ್ನು ತಪ್ಪದೆ ಬರೆದುಕೊಳ್ಳಿ. "ದೂ" ಮತ್ತು "ದೋಂಕ್" ಎಂದರೆ ಹಾಗಾಗಿ. "ಇಲ್ ವಿಯ್ಯಾಂ" ಎಂದರೆ ಅಕ್ಷರಶಃ "ಅದು ಬರುತ್ತದೆ". ಲೆಕ್ಕದಲ್ಲಿ ಅದರ ಅರ್ಥ "ಆಗ ಸಿಗುವುದು". ನಂತರ ಬರುವುದು ಉತ್ತರ. "ವೋ" ಎಂದರೆ ಇಷ್ಟಕ್ಕೆ ಸಮ.

"ಓರ್" ಎಂಬ ಪದ ನನ್ನನ್ನು ಬಹಳ ದಿನ ಸತಾಯಿಸಿತು. ಇಂಗ್ಲಿಷಿನ "ಅಥವಾ" ಎಂದು ಕಿವಿ ಓದಿಕೊಳ್ಳುತ್ತಿತ್ತು. ಫ್ರೆಂಚಿನಲ್ಲಿ ಅದು "ಆದರೆ ನಮಗೆ ಗೊತ್ತಿರುವ ಹಾಗೆ" ಎಂಬ ಅರ್ಥದಲ್ಲಿ ಬರುತ್ತದೆ. ಹಿಂದೆ ಸಿದ್ಧವಾದ ಒಂದು ಸಂಗತಿಯನ್ನು ಅಲ್ಲಿ ತಂದು ಸೇರಿಸುತ್ತಾರೆ. "ಓರ್" ಆದಮೇಲೆ ಸಾಮಾನ್ಯವಾಗಿ "ದೋಂಕ್" ಬರುತ್ತದೆ. ಇವೆರಡರ ನಡುವೆ ಇರುವುದೇ ವಾದದ ತಿರುಳು.

"ದವಾಂ" ಎಂದರೆ ಮುಂದೆ, ಎದುರಿಗೆ. "ನೆಗ್ಲಿಝಾಬ್ಲ್ ದವಾಂ" ಎಂದರೆ ಇದರ ಎದುರು ಅದು ಲೆಕ್ಕಕ್ಕಿಲ್ಲ. ನಾವೂ ಹಾಗೇ ಹೇಳುತ್ತೇವಲ್ಲ, ಕನ್ನಡದವರಿಗೆ ಇದು ಕಷ್ಟವಾಗಬಾರದು. "ಪ್ರೆ" ಎಂದರೆ ಹತ್ತಿರ, ಆದರೆ ಅಂಕಿಯ ನಂತರ ಬಂದರೆ ಅದು ತಪ್ಪಿನ ಮಿತಿ. "ಆ ಸ್ಯಾಂಕ್ ಪುರ್ ಸಾಂ ಪ್ರೆ" ಎಂದರೆ ಹೆಚ್ಚೆಂದರೆ ಶೇಕಡಾ 5 ಆಚೀಚೆ.

ದೊಡ್ಡ ಗುಂಡಿ ಇರುವುದು "ನ... ಕ" ಎಂಬ ಜೋಡಿಯಲ್ಲಿ. "ಓಂ ನ ಕೋಂಸಿದೆರ್ ಕ ಲಾ ಫ್ಲೆಕ್ಸಿಯೋಂ." "ನ" ಕೇಳಿದ ಕೂಡಲೇ ಇದು ನಿಷೇಧ, ಬೆಂಡಿಂಗ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ಅರ್ಥ ನೇರ ಉಲ್ಟಾ: ಬೆಂಡಿಂಗ್ ಒಂದನ್ನೇ ಲೆಕ್ಕಕ್ಕೆ ತಗೊಳ್ಳುತ್ತೇವೆ. "ನ" ಜೊತೆ "ಪಾ" ಬಂದರೆ ಇಲ್ಲ, "ಕ" ಬಂದರೆ ಮಾತ್ರ. ಮಾತಿನಲ್ಲಿ ಎಷ್ಟೋ ಸಲ "ನ" ನುಂಗಿಹೋಗುತ್ತದೆ, ಆಗ "ಕ" ಒಂದೇ ಸುಳಿವು. ಊಹೆಗಳ ಪಟ್ಟಿ ಹೇಳುವಾಗ ಇದು ತಪ್ಪಿದರೆ ಇಡೀ ಅಧ್ಯಾಯ ಬೇರೆ ಕಡೆ ಹೋಗುತ್ತದೆ.

ಹೆಜ್ಜೆ 5: ತಾಂತ್ರಿಕ ಪದಗಳು, ಒಂದು ಅಧ್ಯಾಯಕ್ಕೆ ಇಪ್ಪತ್ತೈದು

ಆರುನೂರು ಪದ ಕಲಿಯುವುದು ಸುಮ್ನೆ ಶ್ರಮ. ಬರುವ ವಾರದ ಅಧ್ಯಾಯಕ್ಕೆ ಇಪ್ಪತ್ತೈದು ಪದ ಸಾಕು. ವಿಕಿಪೀಡಿಯಾದಲ್ಲಿ ಆ ವಿಷಯದ ಇಂಗ್ಲಿಷ್ ಪುಟ ತೆರೆದು, ಭಾಷೆಯನ್ನು ಫ್ರೆಂಚಿಗೆ ಬದಲಿಸಿ. ಚಿತ್ರಗಳೂ ಸೂತ್ರಗಳೂ ಗೊತ್ತಿರುವಂಥವೇ. ಅವುಗಳ ಸುತ್ತ ಇರುವ ಪದಗಳನ್ನು ಎತ್ತಿಕೊಳ್ಳಿ. ಸದ್ದು ಕೇಳಲು ಫ್ರಾನ್ಸಿನ ಎಫ್.ಯು.ಎನ್. ಎಂಬ ಉಚಿತ ಪಾಠಗಳ ತಾಣವಿದೆ (`fun-mooc.fr`). 2013ರಲ್ಲಿ ಶುರುವಾದದ್ದು. ಅಲ್ಲಿನ ವಿಡಿಯೊಗಳನ್ನು ಫ್ರೆಂಚ್ ಸಬ್‌ಟೈಟಲ್ ಇಟ್ಟುಕೊಂಡೇ ನೋಡಿ, ಇಂಗ್ಲಿಷ್ ಬೇಡ.

ಪದಗಳನ್ನು ಆಂಕಿಯಂಥ ಕಾರ್ಡ್ ಆ್ಯಪಿಗೆ ಹಾಕುವಾಗ ಪದದ ಜೊತೆ ಗುರುತನ್ನೂ ಹಾಕಿ:

```
la flèche;ಡಿಫ್ಲೆಕ್ಷನ್;f
la contrainte;ಸ್ಟ್ರೆಸ್;σ
la déformation;ಸ್ಟ್ರೇನ್;ε
l'effort tranchant;ಶಿಯರ್ ಫೋರ್ಸ್;T
le moment fléchissant;ಬೆಂಡಿಂಗ್ ಮೊಮೆಂಟ್;Mf
```

ಶಿಯರ್ ಫೋರ್ಸಿಗೆ ಕೆಲವರು `V` ಬರೆಯುತ್ತಾರೆ. ನಿಮ್ಮ ಮೇಷ್ಟ್ರ ಗುರುತನ್ನೇ ಹಾಕಿಕೊಳ್ಳಿ.

ಫ್ಲೆಶ್ ಎಂದರೆ ಬಾಣ ಕೂಡ. ವೆಕ್ಟರಿನ ಬಾಣವೋ ಬೀಮ್ ಬಗ್ಗಿದ ಅಳತೆಯೋ ಎಂದು ಸಂದರ್ಭದಿಂದ ತಿಳಿಯುತ್ತದೆ. ನಿಜವಾದ ಅಪಾಯ ಇಂಗ್ಲಿಷಿನ ಹಾಗೆ ಕಾಣುವ ಪದಗಳಲ್ಲಿದೆ. ದೆಫೋರ್ಮಾಸಿಯೋಂ ಎಂದರೆ ಈ ವಿಷಯದಲ್ಲಿ ಸ್ಟ್ರೇನ್, ಘಟಕವಿಲ್ಲದ ಸಂಖ್ಯೆ. ಎಫೋರ್ ಎಂದರೆ ಪ್ರಯತ್ನವಲ್ಲ, ಬಲ. ತಾಂಸಿಯೋಂ ಎಂದು ಎಲೆಕ್ಟ್ರಿಕಲ್ ಕ್ಲಾಸಿನಲ್ಲಿ ಕೇಳಿದರೆ ಅದು ವೋಲ್ಟೇಜ್. ಕಂಬಿಯನ್ನು ಎಳೆಯುವ ಪರೀಕ್ಷೆಗೆ ತ್ರಾಕ್ಸಿಯೋಂ ಎನ್ನುತ್ತಾರೆ. ಕೂಪ್ಲ್ ಎಂದರೆ ಟಾರ್ಕ್. ದಾಂಸಿತೇ ಎಂದರೆ ನೀರಿಗೆ ಹೋಲಿಸಿದ ಅನುಪಾತ, ಉಕ್ಕಿಗೆ ಸುಮಾರು 7,85, ಘಟಕವಿಲ್ಲ. ನಮ್ಮ ಡೆನ್ಸಿಟಿಗೆ, ಅಂದರೆ ಘನ ಮೀಟರಿಗೆ 7 850 ಕಿಲೊ ಎಂಬುದಕ್ಕೆ, ಮಾಸ್ ವೊಲ್ಯುಮಿಕ್ ಎಂಬ ಬೇರೆ ಪದವಿದೆ. ಇವೆರಡನ್ನು ಅದಲುಬದಲು ಮಾಡಿದರೆ ಸಾವಿರ ಪಟ್ಟು ತಪ್ಪು.

ವೆಕ್ಟರ್ ವಿಷಯದಲ್ಲಿ ಅವರದು ನಮಗಿಂತ ಬಿಗಿ. ದಿರೆಕ್ಸಿಯೋಂ ಎಂದರೆ ವೆಕ್ಟರ್ ಇರುವ ರೇಖೆ ಮಾತ್ರ. ಆ ರೇಖೆಯಲ್ಲಿ ಯಾವ ಕಡೆಗೆ ಎನ್ನುವುದಕ್ಕೆ ಸಾಂಸ್ ಎಂಬ ಬೇರೆ ಪದ. "ಮೆಮ್ ದಿರೆಕ್ಸಿಯೋಂ, ಸಾಂಸ್ ಒಪೋಜ಼ೇ" ಎಂದರೆ ಅದೇ ರೇಖೆ, ಎದುರು ಕಡೆ. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಭಾರತದಲ್ಲಿ ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಪದ ತೋರ್ಸರ್. ಒಂದು ಬಿಂದುವಿನಲ್ಲಿ ಒಟ್ಟು ಬಲವನ್ನೂ ಒಟ್ಟು ಮೊಮೆಂಟನ್ನೂ ಎರಡು ಕಾಲಂನಲ್ಲಿ, ದೊಡ್ಡ ಹೂಬ್ರಾಕೆಟಿನ ಒಳಗೆ ಒಟ್ಟಿಗೆ ಬರೆಯುತ್ತಾರೆ. ಮೊದಲ ಸಲ ನೋಡಿದಾಗ ಮ್ಯಾಟ್ರಿಕ್ಸ್ ಅಂದುಕೊಂಡು ಗುಣಿಸಲು ಹೋಗಬೇಡಿ. ಬಿಂದು ಬದಲಾದರೆ ಬಲದ ಕಾಲಂ ಹಾಗೇ ಇರುತ್ತದೆ, ಮೊಮೆಂಟಿನ ಕಾಲಂ ಬದಲಾಗುತ್ತದೆ. ಬೀಮಿನ ಒಳಗಿನ ಬಲಗಳನ್ನೂ ಹೀಗೇ ಬರೆಯುವುದು ಅಲ್ಲಿ ವಾಡಿಕೆ. ಹೊರಡುವ ಮೊದಲು ಇದೊಂದನ್ನು ಓದಿಕೊಂಡು ಹೋದರೆ ಮೊದಲ ತಿಂಗಳು ಹಗುರವಾಗುತ್ತದೆ.

ಎಲ್ಲ ಸೇರಿಸಿ: ಬೀಮ್ ಪಾಠದ ಹತ್ತು ನಿಮಿಷ

ಈಗ ಅದೇ ಕ್ಲಾಸಿಗೆ ವಾಪಸ್ ಬರೋಣ. "ಸ್ವಾ ಯುನ್ ಪೂತ್ರ್ ಸ್ಯುರ್ ದಜ಼್ ಆಪ್ವಿ, ದ ಪೋರ್ತೇ ಕಾತ್ರ್ ಮೆತ್ರ್." "ಸ್ವಾ" ಬಂತು, ಹೊಸ ಲೆಕ್ಕ. ಪೂತ್ರ್ ಎಂದರೆ ಬೀಮ್. ಇಲ್ಲಿನ "ಸ್ಯುರ್" ಭಾಗಾಕಾರವಲ್ಲ, ಎರಡು ಆಧಾರಗಳ ಮೇಲೆ ಎಂದರ್ಥ. ದ ಮತ್ತು ಆಪ್ವಿ ನಡುವೆ ಒಂದು ಜ಼್ ಬಂದು ಸೇರಿದೆ. ಮುಂದಿನ ಪದ ಸ್ವರದಿಂದ ಶುರುವಾದರೆ ಹೀಗಾಗುತ್ತದೆ, "ಜ಼ಾಪ್ವಿ" ಎಂಬ ಪದ ಹುಡುಕಬೇಡಿ. ಪೋರ್ತೇ ಎಂದರೆ ಸ್ಪ್ಯಾನ್. "ಕಾತ್ರ್" ಕೇಳಿತು, ಪೆನ್ನು ಎತ್ತಿ. ಮುಂದೆ "ಮೆತ್ರ್" ಬಂತು. ಹಾಗಾದರೆ 4 ಮೀಟರ್.

"ಓಂ ಪೋಜ಼್ ಪೇ ಎಗಾಲ್ ಸ್ಯಾಂ ಕಿಲೊನ್ಯುತೊನ್ ಪಾರ್ ಮೆತ್ರ್." `p = 5 kN/m`. ವ್ಯಂಜನದ ಮುಂದೆ ಐದರ ಕೊನೆಯ ಕ್ ಬಿದ್ದುಹೋಗಬಹುದು. ಆಗ ಸ್ಯಾಂ ಮತ್ತು ಸಾಂ, ಅಂದರೆ 5 ಮತ್ತು 100, ಕಿವಿಗೆ ಬಹಳ ಹತ್ತಿರ. ಅನುಮಾನ ಬಂದರೆ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ.

ಬೀಮಿನ ಹೆಸರು "ಈ ಪೇ ಅ ಸಾಂ ಸ್ವಾಸಾಂತ್", `IPE 160`. ಸ್ವಾಸಾಂತ್ ನಂತರ ಏನೂ ಬರಲಿಲ್ಲ, ಆದ್ದರಿಂದ 160. "ಓಂ ನೆಗ್ಲಿಝ್ ಲ ಪ್ವಾ ಪ್ರೊಪ್ರ್": ಬೀಮಿನ ಸ್ವಂತ ತೂಕ ಬಿಟ್ಟಿದ್ದಾರೆ. ಈ ಬೀಮ್ ಮೀಟರಿಗೆ ಸುಮಾರು 16 ಕಿಲೊ ತೂಗುತ್ತದೆ, 0,16 ಕಿಲೊನ್ಯೂಟನ್. 5ರ ಎದುರು ಅದು ಶೇಕಡಾ 3 ಅಷ್ಟೇ. ಕೇಳಿದ್ದು ಸರಿ ಎಂದು ಅಂಕಿಯೇ ಹೇಳುತ್ತಿದೆ.

"ಲ ಮೊಮಾಂ ಫ್ಲೆಶಿಸಾಂ ಮಾಕ್ಸಿಮಾಲ್ ವೋ ಪೇ ಎಲ್ ದ ಸ್ಯುರ್ ವೀತ್." `pL²/8`, ಅಂದರೆ 5 × 16 / 8 = 10 kN·m. ಸ್ಟ್ರೆಸ್ ಲೆಕ್ಕಕ್ಕೆ ನಮ್ಮ ಸೆಕ್ಷನ್ ಮಾಡ್ಯುಲಸ್ `Z` ಅಲ್ಲಿ ಸಿಗುವುದಿಲ್ಲ. "ಈ ಸ್ಯುರ್ ವೇ", `I/v` ಎನ್ನುತ್ತಾರೆ. ಈ ಬೀಮಿಗೆ ಅದು ಸುಮಾರು 109 cm³. ಹಾಗಾಗಿ ಸ್ಟ್ರೆಸ್ ಸುಮಾರು 92 MPa.

ಈಗ ಯು ಸದ್ದಿನ ಕಾಟ. "ಲೆ ಫೀಬ್ರ್ ದ್ಯು ದಸು ಸೋಂ ತಾಂದ್ಯು." ದಸು ಎಂದರೆ ಕೆಳಗೆ, ದಸ್ಯು ಎಂದರೆ ಮೇಲೆ. ಕೆಳಗಿನ ನಾರುಗಳು ಎಳೆತದಲ್ಲಿವೆ ಎಂದು ಅವರು ಹೇಳಿದ್ದು. ನಮ್ಮ ಕಿವಿಗೆ ಎರಡೂ ಒಂದೇ. ಮೇಲೆ, ಕೆಳಗೆ ಎಂಬ ಎರಡು ವಿರುದ್ಧ ಮಾತಿನ ನಡುವೆ ಬರೀ ಒಂದು ಸ್ವರದ ವ್ಯತ್ಯಾಸ. ಮೇಷ್ಟ್ರ ಕೈ ಎತ್ತ ಹೋಯಿತು ನೋಡಿ, ಇಲ್ಲವಾದರೆ ಭೌತಶಾಸ್ತ್ರವನ್ನು ನಂಬಿ. ಭಾರ ಮೇಲಿಂದ ಬಿದ್ದರೆ ಇಂಥ ಬೀಮಿನಲ್ಲಿ ಎಳೆತ ಕೆಳಗೇ ಇರುತ್ತದೆ.

ಕೊನೆಗೆ ಫ್ಲೆಶ್. `E`ಗೆ 210 000 MPa, `I`ಗೆ 869 cm⁴ ಹಾಕಿ `5pL⁴/(384EI)` ಲೆಕ್ಕ ಮಾಡಿದರೆ 9,1 ಮಿಲಿಮೀಟರ್. ನಾಲ್ಕು ಮೀಟರ್ ಬೀಮ್ ಒಂದು ಸೆಂಟಿಮೀಟರಿನಷ್ಟು ಬಗ್ಗುವುದು ನಂಬುವ ಮಾತು.

ನನ್ನ ಹಳೇ ತಪ್ಪು ಸಾಲನ್ನು ಅಂದೇ ಹಿಡಿಯಬಹುದಿತ್ತು. `I` ಇಲ್ಲದೆ `pL⁴/E` ಮಾಡಿದರೆ ಘಟಕ ಮೀಟರಿನ ಐದನೇ ಘಾತ ಬರುತ್ತದೆ. ಬೇಕಾದದ್ದು ಮೀಟರ್. ಮೀಟರಿನ ನಾಲ್ಕನೇ ಘಾತದ ಏನೋ ಒಂದು ಕೆಳಗೆ ಬಿಟ್ಟುಹೋಗಿದೆ, ಅದು `I` ಅಲ್ಲದೆ ಇನ್ನೇನು? ಕೇಳಿ ಬರೆದ ಪ್ರತಿ ಸೂತ್ರಕ್ಕೂ ಅಂದು ಸಂಜೆಯೇ ಘಟಕ ಹಾಕಿ ನೋಡಿ. ಬಿಟ್ಟುಹೋದ ಅಕ್ಷರ, ಬಿಟ್ಟುಹೋದ ಘಾತ ಹೀಗೆ ಸಿಕ್ಕಿಬೀಳುತ್ತವೆ. ತಪ್ಪಾಗಿ ಕೇಳಿದ ಸಂಖ್ಯೆ ಮಾತ್ರ ಸಿಗುವುದಿಲ್ಲ. 384ರ ಜಾಗದಲ್ಲಿ 304 ಇದ್ದರೂ ಘಟಕ ಸರಿಯಾಗೇ ಇರುತ್ತದೆ. ಅದಕ್ಕೆ ಪುಸ್ತಕವನ್ನೋ ಸಹಪಾಠಿಯ ನೋಟ್ಸನ್ನೋ ನೋಡಲೇಬೇಕು. ಪ್ಲಸ್ ಮೈನಸ್ ಚಿಹ್ನೆಯೂ ಘಟಕದಿಂದ ತಿಳಿಯುವುದಿಲ್ಲ. `EIy''` ಎಂಬುದು `Mf`ಗೆ ಸಮವೋ `-Mf`ಗೆ ಸಮವೋ ಎನ್ನುವುದು ಮೇಷ್ಟ್ರಿಂದ ಮೇಷ್ಟ್ರಿಗೆ ಬದಲಾಗುತ್ತದೆ. ಮೊದಲ ದಿನ ಅವರು ಬರೆದ ಅಕ್ಷಗಳ ಚಿತ್ರವನ್ನು ನೋಟ್ಸಿನ ಮೊದಲ ಪುಟದಲ್ಲಿ ಇಟ್ಟುಕೊಳ್ಳಿ.

ಕ್ಲಾಸಿನಲ್ಲಿ ಕೇಳುವುದು ಹೇಗೆ

ಆಂಫಿ ಎನ್ನುವ ದೊಡ್ಡ ಲೆಕ್ಚರ್ ಹಾಲಿನಲ್ಲಿ ನಡೆಯುವ ಪಾಠದಲ್ಲಿ ಮಾತು ತಡೆಯುವುದು ಕಷ್ಟ. ಅದಕ್ಕೆ ತೇ ದೇ ಇದೆ. ಚಿಕ್ಕ ಗುಂಪಿನಲ್ಲಿ ಲೆಕ್ಕ ಬಿಡಿಸುವ ತರಗತಿ ಅದು, ಪ್ರಶ್ನೆ ಕೇಳಲೆಂದೇ ಇರುವ ಜಾಗ. ಮೇಷ್ಟ್ರು ಮುದ್ರಿಸಿ ಕೊಡುವ ನೋಟ್ಸಿಗೆ "ಲ ಪೊಲಿ" ಎನ್ನುತ್ತಾರೆ. ಅದು ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಮಾತಾಡಿಸುವಾಗ ಮಸ್ಯೋ ಅಥವಾ ಮಾದಾಮ್ ಎನ್ನಿ, ಬಹುವಚನದ "ವೂ" ಬಳಸಿ. ನಮ್ಮ "ನೀವು" ಇದ್ದ ಹಾಗೆ. ಸಹಪಾಠಿಗಳಿಗೆ ಮೊದಲ ದಿನದಿಂದಲೇ "ತ್ಯು", ನಮ್ಮ "ನೀನು".

"ಅರ್ಥವಾಗಲಿಲ್ಲ" ಎಂದರೆ ಅವರು ಇಡೀ ವಾಕ್ಯವನ್ನು ಇನ್ನೊಂದು ಥರ ಹೇಳುತ್ತಾರೆ, ಆಗ ಇನ್ನಷ್ಟು ಹೊಸ ಪದ ಬರುತ್ತವೆ. ನಿಮಗೆ ಬೇಕಾದದ್ದು ಒಂದು ಸಂಖ್ಯೆ ಅಥವಾ ಒಂದು ಅಕ್ಷರ. ನೀವು ಕೇಳಿಸಿಕೊಂಡದ್ದನ್ನೇ ಹೇಳಿ, ಅದು ಹೌದೇ ಎಂದು ಕೇಳಿ. ಹೌದೇ ಎನ್ನಲು "ಸೆ ಬ್ಯಾಂ" ಸಾಕು. ಎರಡು ವಾರ ತಡವಾಗಿ, ತೇ ದೇಯಲ್ಲಿ ಕೈ ಎತ್ತಿ ನಾನು ಕೇಳಿದ್ದು ಹೀಗೆ: "ಪಾರ್ದೋಂ ಮಾದಾಮ್, ಓ ದೆನೊಮಿನಾತರ್, ಸೆ ಬ್ಯಾಂ ತ್ರುವಾ ಸಾಂ ಕಾತ್ರ್ ವ್ಯಾಂ ಕಾತ್ರ್ ಅ ಈ?" ಅವರು "ವೀ" ಎಂದು ಹೇಳಿ, ಬೋರ್ಡಿನ ಮೂಲೆಯಲ್ಲಿ `384 EI` ಎಂದು ದೊಡ್ಡದಾಗಿ ಬರೆದರು.